ನೂಲಿನ ಚೆಂಡು ಮತ್ತು ಕಾಣದ ಇಳಿಕೆ

ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಹೆಣೆದು, ಒಳಗೆ ಹತ್ತಿ ತುಂಬಿ ಮಾಡುವ ಪುಟ್ಟ ಬೊಂಬೆಗಳಿಗೆ ಜಪಾನೀಯರು ಅಮಿಗುರುಮಿ ಎನ್ನುತ್ತಾರೆ. ‘ಅಮಿ’ ಎಂದರೆ ಹೆಣಿಗೆ. ‘ನುಇಗುರುಮಿ’ ಎಂದರೆ ಹತ್ತಿ ತುಂಬಿದ ಬೊಂಬೆ. ಈ ಎರಡು ಮಾತುಗಳ ಕೂಡಿಕೆಯೇ ಅಮಿಗುರುಮಿ. ಬೊಂಬೆಯ ತಲೆ ಸಾಮಾನ್ಯವಾಗಿ ಒಂದು ಗೋಲ. ಅದರ ಒಂದು ಅರ್ಧ ನಯವಾಗಿದ್ದು, ಇನ್ನೊಂದು ಅರ್ಧದಲ್ಲಿ ಮಾತ್ರ ಗಂಟುಗಳೂ ಕಿಂಡಿಗಳೂ ಕಾಣಿಸುವುದು ಹೊಸಬರ ಕೈಕೆಲಸದಲ್ಲಿ ತೀರ ಸಾಮಾನ್ಯ. ಗೋಲದ ಎರಡು ಅರ್ಧಗಳೂ ಸಮಾನವಲ್ಲವೆ? ಹಾಗಿದ್ದ ಮೇಲೆ ಈ ಭೇದವೇಕೆ?

ಮೊದಲು ಲೆಕ್ಕವನ್ನು ನೋಡೋಣ. ಈ ಕೆಲಸದಲ್ಲಿ ಬಳಸುವ ಸಿಂಗಲ್ ಕ್ರೋಶೆ ಹೆಣಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಸುತ್ತು ಒಂದು ಹೆಚ್ಚಿದರೆ ತ್ರಿಜ್ಯ ಒಂದು ಹೆಣಿಗೆಯಷ್ಟು ಬೆಳೆಯುತ್ತದೆ, ಪರಿಧಿ 2π, ಎಂದರೆ ಸುಮಾರು 6.28 ಹೆಣಿಗೆಗಳಷ್ಟು ಬೆಳೆಯಬೇಕಾಗುತ್ತದೆ. ಆದುದರಿಂದಲೇ ಸುತ್ತಿಗೆ ಆರರಂತೆ ಏರಿಸುವ ರೂಢಿ ಬಂದಿದೆ: 6, 12, 18, 24, 30, 36. ಅನಂತರ ಆರು ಸುತ್ತು 36ರಲ್ಲಿಯೇ ನಿಲ್ಲುತ್ತದೆ. ಆಮೇಲೆ 30, 24, 18, 12, 6 ಎಂದು ಇಳಿಯುತ್ತದೆ. ಒಟ್ಟು 17 ಸುತ್ತುಗಳು. ಪರಿಧಿ 36 ಇರುವ ಗೋಲದಲ್ಲಿ ಒಂದು ಧ್ರುವದಿಂದ ಇನ್ನೊಂದಕ್ಕೆ ಇರುವ ದೂರ ಅದರ ಅರ್ಧ, ಎಂದರೆ 18. ಸಣ್ಣ ಕೊರತೆಯನ್ನು ನೂಲಿನ ಹಿಗ್ಗುವಿಕೆಯೂ ಒಳಗಿನ ಹತ್ತಿಯೂ ತುಂಬಿಕೊಡುತ್ತವೆ.

ಹೀಗೆ ಐದು ಸುತ್ತುಗಳಲ್ಲಿ ಮೂವತ್ತು ಹೆಣಿಗೆಗಳನ್ನು ಕಳೆಯಲೇಬೇಕು. ತೊಡಕಿರುವುದು ಇಲ್ಲಿಯೇ. ಏರಿಸುವಾಗ ಒಂದೇ ಹೆಣಿಗೆಯ ತಲೆಯ ಮೇಲೆ ಎರಡು ಹೆಣಿಗೆಗಳು ಕೂರುತ್ತವೆ; ಯಾವುದನ್ನೂ ಎಳೆದು ಕಟ್ಟುವ ಪ್ರಸಂಗವಿಲ್ಲ. ಇಳಿಸುವಾಗಲಾದರೋ ಒಂದು ಹೆಣಿಗೆ ಎರಡು ತಲೆಗಳನ್ನು ಒಟ್ಟಿಗೆ ಬಿಗಿಯಬೇಕು. ಪ್ರತಿಯೊಂದು ತಲೆಯೂ ಜಡೆಯಂತೆ ಎರಡು ಎಳೆಗಳಿಂದಾಗಿದೆ: ಹೆಣೆಯುವವರ ಕಡೆಗೆ ಮುಂದಿನ ಎಳೆ, ಆಚೆಗೆ ಹಿಂದಿನ ಎಳೆ. ಸಾಮಾನ್ಯ ಇಳಿಕೆಯಲ್ಲಿ ಎರಡೂ ಎಳೆಗಳ ಕೆಳಗೆ ಕಡ್ಡಿ ತೂರಿಸಿ ನೂಲೆಳೆಯುತ್ತಾರೆ. ಪಕ್ಕದ ತಲೆಯಲ್ಲಿಯೂ ಹಾಗೆಯೇ ಮಾಡಿ, ಕಡ್ಡಿಯ ಮೇಲಿನ ಮೂರು ಕುಣಿಕೆಗಳನ್ನು ಒಮ್ಮೆಗೇ ಬಿಗಿಯುತ್ತಾರೆ. ನಾಲ್ಕು ಎಳೆಗಳು ಒಂದೆಡೆ ಮುದುಡಿಕೊಂಡುದರಿಂದ ಗಂಟು. ಹೊಸ ಹೆಣಿಗೆಯ ಕಾಲುಗಳು ಎರಡು ಬೇರೆ ಬೇರೆ ರಂಧ್ರಗಳಲ್ಲಿ ಊರಿ ಅವನ್ನು ಎಳೆದು ಅಗಲಿಸಿದುದರಿಂದ ಕಿಂಡಿ. ಒಳಗಿನ ಹತ್ತಿ ಒತ್ತಿದಷ್ಟೂ ಕಿಂಡಿ ಬಾಯಿಬಿಡುತ್ತದೆ. ಕಪ್ಪು ನೂಲಿನ ಬೊಂಬೆಯಲ್ಲಿ ಬಿಳಿಯ ಹತ್ತಿ ಇಣುಕುತ್ತದೆ, ಮಗುವಿನ ಬೆರಳಿಗೂ ಸಿಕ್ಕುತ್ತದೆ.

ಕಾಣದ ಇಳಿಕೆ ಈ ಎರಡು ದೋಷಗಳ ಮೂಲಕ್ಕೇ ಕೈಹಾಕುತ್ತದೆ. ಮೊದಲ ತಲೆಯ ಮುಂದಿನ ಎಳೆಯ ಕೆಳಗೆ ಮಾತ್ರ ಕಡ್ಡಿಯನ್ನು ತೂರಿಸಿರಿ. ನೂಲನ್ನು ಎಳೆಯದೆ, ಹಾಗೆಯೇ ಪಕ್ಕದ ತಲೆಯ ಮುಂದಿನ ಎಳೆಯ ಕೆಳಗೂ ತೂರಿಸಿರಿ. ಈಗ ನೂಲನ್ನು ಹಿಡಿದು ಈ ಎರಡು ಎಳೆಗಳೊಳಗಿಂದ ಈಚೆಗೆ ತನ್ನಿರಿ. ಕಡ್ಡಿಯ ಮೇಲೆ ಎರಡು ಕುಣಿಕೆಗಳು ಉಳಿಯುತ್ತವೆ. ಮತ್ತೊಮ್ಮೆ ನೂಲು ಹಿಡಿದು ಅವೆರಡರೊಳಗಿಂದ ಎಳೆದರೆ ಮುಗಿಯಿತು. ನಾಲ್ಕರ ಬದಲು ಎರಡೇ ಎಳೆಗಳು ಸೇರಿದುವು. ಹಿಂದಿನ ಎಳೆಗಳು ಗೋಲದ ಒಳಮೈಯಲ್ಲಿ ಉಳಿದುವು. ರಂಧ್ರಗಳನ್ನು ಯಾರೂ ಎಳೆಯಲಿಲ್ಲ. ಹೊರಗಿನಿಂದ ಅದು ಒಂದು ಸಾದಾ ಹೆಣಿಗೆಯಂತೆಯೇ ತೋರುತ್ತದೆ.

ಆದರೆ ಇದು ಫಲಿಸುವುದು ಹೆಣಿಗೆಯ ಮುಖಮೈ ಹೊರಗಿದ್ದಾಗ ಮಾತ್ರ. ಹೊಸಬರು ಕೈಹಿಡಿತಕ್ಕೆ ಸಿಕ್ಕಿದಂತೆ ಬಟ್ಟಲನ್ನು ಒಳಮೈ ಹೊರಗಾಗಿ ಹಿಡಿದಿರುವುದುಂಟು. ಆಗ ಬಿಟ್ಟ ಎಳೆಗಳೆಲ್ಲ ಹೊರಗೇ ಗೀರುಗಳಂತೆ ಕಾಣುತ್ತವೆ. ಹೊರಮೈಯಲ್ಲಿ ‘V’ ಆಕಾರಗಳ ಸಾಲು ಕಂಡರೆ ಸರಿ. ಅಡ್ಡಗೆರೆಗಳು ಕಂಡರೆ ಬಟ್ಟಲನ್ನು ಮಗುಚಬೇಕು.

ಇಷ್ಟಾದರೂ ಗೋಲ ಆರು ಮೂಲೆಯದಾಗಿ ತೋರಬಹುದು. ಅದು ಇಳಿಕೆಯ ರೀತಿಯ ತಪ್ಪಲ್ಲ, ಸ್ಥಾನದ ತಪ್ಪು. ಪ್ರತಿ ಸುತ್ತಿನ ಇಳಿಕೆಗಳೂ ಒಂದರ ಮೇಲೊಂದು ಬಿದ್ದರೆ ಆರು ಏಣುಗಳು ಏಳುತ್ತವೆ. 36ರಿಂದ 30ಕ್ಕೆ ಬರುವಾಗ ನಾಲ್ಕು ಸಾದಾ, ಒಂದು ಇಳಿಕೆ ಎಂದು ಆರು ಸಲ ಮಾಡಿದಿರೆನ್ನಿ. 30ರಿಂದ 24ಕ್ಕೆ ಬರುವಾಗ ಮೂರು ಸಾದಾ ಹೆಣಿಗೆಗಳ ಗುಂಪೊಂದನ್ನು ಒಡೆಯಿರಿ: ಮೊದಲು ಒಂದು ಸಾದಾ, ಒಂದು ಇಳಿಕೆ, ಬಳಿಕ ಮೂರು ಸಾದಾ, ಒಂದು ಇಳಿಕೆ ಎಂದು ಐದು ಸಲ, ಕೊನೆಗೆ ಎರಡು ಸಾದಾ. ಸಂಖ್ಯೆ ಕೆಡುವುದಿಲ್ಲ, ಇಳಿಕೆಗಳು ಮಾತ್ರ ಪಕ್ಕಕ್ಕೆ ಸರಿಯುತ್ತವೆ.

ಸುತ್ತೆಲ್ಲ ಕಿಂಡಿ ಕಂಡರೆ, ಸಾದಾ ಹೆಣಿಗೆಗಳ ನಡುವೆಯೂ ಕಂಡರೆ, ಅದಕ್ಕೆ ಇಳಿಕೆ ಕಾರಣವಲ್ಲ. ಕಡ್ಡಿ ನೂಲಿಗೆ ದಪ್ಪವಾಯಿತು. ನೂಲಿನ ಚೀಟಿಯಲ್ಲಿ ಸೂಚಿಸಿರುವುದಕ್ಕಿಂತ ಒಂದೆರಡು ಮಿಲಿಮೀಟರು ತೆಳುವಾದುದನ್ನು ಹಿಡಿಯಬೇಕು. ಹತ್ತಿಯನ್ನು 18ರ ಸುತ್ತು ಮುಗಿದಾಗಲೇ ಬಹುಪಾಲು ತುಂಬಿ, 12ರಲ್ಲಿ ಉಳಿದುದನ್ನು ಸೇರಿಸುವುದು ಅನುಕೂಲ. ಕೊನೆಯ ಆರು ಹೆಣಿಗೆಗಳ ಮುಂದಿನ ಎಳೆಗಳಲ್ಲಿ, ನಡುವಿನಿಂದ ಹೊರಕ್ಕೆ, ಸೂಜಿಯಿಂದ ನೂಲಿನ ತುದಿಯನ್ನು ಪೋಣಿಸಿ ಎಳೆದರೆ ಸಂಚಿಯ ಬಾಯಿಯಂತೆ ರಂಧ್ರ ಮುಚ್ಚಿಕೊಳ್ಳುತ್ತದೆ. ತುದಿಯನ್ನು ಗೋಲದೊಳಕ್ಕೆ ತೂರಿಸಿ, ಇನ್ನೊಂದು ಕಡೆ ಹೊರತೆಗೆದು, ಮೈಗೆ ಸಮವಾಗಿ ಕತ್ತರಿಸಬೇಕು.