3/9ಕ್ಕೇ ನಿಂತ ಥ್ರೆಡ್: ಓದುಗರಿಗೆ ಐದು ಸೂತ್ರಗಳು

ಎಕ್ಸ್‌ನಲ್ಲಿ ಒಬ್ಬರು ‘ಸೈಟು ಕೊಳ್ಳುವ ಮುನ್ನ’ ಎಂದು ಥ್ರೆಡ್ ಶುರು ಮಾಡಿದರು ಎನ್ನಿ. 1/9ರಲ್ಲಿ ಕ್ರಯಪತ್ರ, 2/9ರಲ್ಲಿ ಇ.ಸಿ., 3/9ರಲ್ಲಿ ಖಾತೆ. ಆಮೇಲೆ ಏನೂ ಇಲ್ಲ. ನೀವು ಮುಂದಿನ ವಾರವೇ ಅಡ್ವಾನ್ಸ್ ಕೊಡಬೇಕಾಗಿದೆ.

1. ನಿಮ್ಮ ಕಡೆಯಿಂದಲೇ ಕಾಣುತ್ತಿಲ್ಲವೇ, ನೋಡಿ.
ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕನ್ನು ಲಾಗಿನ್ ಆಗದೆ ತೆರೆದರೆ ಎಕ್ಸ್ ಸಾಮಾನ್ಯವಾಗಿ ಆ ಒಂದು ಪೋಸ್ಟನ್ನಷ್ಟೇ ತೋರಿಸುತ್ತದೆ, ಅದರ ಕೆಳಗಿನ ಸರಣಿಯನ್ನಲ್ಲ. ‘ಬರೆದವರು ಕೈಬಿಟ್ಟರು’ ಎನ್ನುವ ಎಷ್ಟೋ ದೂರುಗಳ ಮೂಲ ಇದೇ. ಲಾಗಿನ್ ಆಗಿ ನೋಡಿ.

2. ಸರಪಳಿ ತುಂಡಾಗಿದೆಯೇ ಹುಡುಕಿ.
ಥ್ರೆಡ್ ಎಂದರೆ ಒಬ್ಬರು ತಮ್ಮ ಪೋಸ್ಟಿಗೆ ತಾವೇ ಕೊಡುತ್ತಾ ಹೋಗುವ ಉತ್ತರಗಳ ಸಾಲು. ಕಾಗುಣಿತ ತಪ್ಪಾಯಿತೆಂದು 4/9ನ್ನು ಅಳಿಸಿದ್ದರೆ, ಅಥವಾ 4/9ನ್ನು 3ರ ಬದಲು 1ಕ್ಕೆ ಉತ್ತರವಾಗಿ ಹಾಕಿದ್ದರೆ, ಉಳಿದ ಭಾಗಗಳು ಇದ್ದೂ ಕಣ್ಣಿಗೆ ಬೀಳುವುದಿಲ್ಲ. ಅವರ ಪ್ರೊಫೈಲಿನಲ್ಲಿ ಉತ್ತರಗಳ ವಿಭಾಗ ತೆರೆಯಿರಿ. ಪೋಸ್ಟು ಹಳೆಯದಾದರೆ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
from:username since:2025-03-10 until:2025-03-13
```

`username` ಇರುವಲ್ಲಿ ಅವರ ಖಾತೆಯ ಹೆಸರು ಬರಬೇಕು. `until` ದಿನಾಂಕದ ಪೋಸ್ಟುಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಒಂದು ದಿನ ಮುಂದಿನದನ್ನೇ ಹಾಕಿ.

3. ಸಂಖ್ಯೆಯನ್ನೂ ಸಮಯವನ್ನೂ ಓದಿ.
‘3/9’ ಎಂದಿದ್ದರೆ ಒಂಬತ್ತು ಭಾಗಗಳ ಯೋಜನೆ ಬರೆದವರ ಮುಂದಿತ್ತು. ಬರೀ ‘3/’ ಎಂದಿದ್ದರೆ ಎಷ್ಟಾಗುತ್ತದೆ ಎಂದು ಅವರಿಗೇ ತಿಳಿದಿರಲಿಲ್ಲ, ಅಲ್ಲಿಗೇ ಮುಗಿದಿರಲೂಬಹುದು. ಪೂರ್ತಿ ಬರೆದಿಟ್ಟುಕೊಂಡು ಒಟ್ಟಿಗೆ ಹಾಕಿದ ಥ್ರೆಡ್ಡಿನ ಭಾಗಗಳೆಲ್ಲ ಒಂದೇ ನಿಮಿಷದ ಆಸುಪಾಸಿನಲ್ಲಿರುತ್ತವೆ. ಭಾಗ ಭಾಗದ ನಡುವೆ ಹತ್ತು ಹದಿನೈದು ನಿಮಿಷಗಳ ಅಂತರವಿದ್ದರೆ ಅವರು ಆಗಾಗಲೇ ಬರೆದು ಹಾಕುತ್ತಿದ್ದರು ಎಂದರ್ಥ. ಅಂಥವರನ್ನು ಒಂದು ದಿನ ಕಾಯುವುದು ನ್ಯಾಯ.

4. ಸಿಕ್ಕ ಭಾಗವನ್ನು ಪೂರ್ತಿ ಎಂದುಕೊಂಡು ಹಣ ಕೊಡಬೇಡಿ.
ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಸಲಹೆ ಬರೆಯುವವರು ಸಾಮಾನ್ಯ ನಿಯಮವನ್ನು ಮೊದಲು ಹೇಳಿ, ‘ಆದರೆ’ ಎನ್ನುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕಾಣೆಯಾಗುವುದು ಆ ‘ಆದರೆ’ಯೇ.

ಸೈಟಿನ ಥ್ರೆಡ್ಡನ್ನೇ ನೋಡಿ. ‘ಇ.ಸಿ. ತೆಗೆಸಿ’ ಎಂಬ ಮಾತು ಸರಿ. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಅಣ್ಣತಮ್ಮಂದಿರು ಬಿಳಿ ಹಾಳೆಯ ಮೇಲೆ ಮಾಡಿಕೊಂಡ ಪಾಲುಪಟ್ಟಿ, ಬೇರೆಯವರಿಗೆ ಬರೆದುಕೊಟ್ಟ ನೋಂದಣಿಯಾಗದ ಕರಾರು ಅದರಲ್ಲಿ ಇರುವುದಿಲ್ಲ. ಇನ್ನೊಂದು ವಿಷಯ: ಕಾವೇರಿ ಜಾಲತಾಣದಲ್ಲಿ ಸಿಗುವ ಇ.ಸಿ. 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಬೇಕು. ‘ಖಾತೆ ಮಾರುವವರ ಹೆಸರಿನಲ್ಲಿರಲಿ’ ಎಂಬುದೂ ಸರಿ. ಆದರೆ ಖಾತೆ ತೆರಿಗೆಯ ದಾಖಲೆ, ಒಡೆತನಕ್ಕೆ ಅದೊಂದೇ ಸಾಕಾಗದು. ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆಯ ಆದೇಶವನ್ನೂ ಬೇರೆಯಾಗಿ ನೋಡಬೇಕು. ಮೂರು ಭಾಗ ಓದಿದವರು ಮೂರೂ ಕಾಗದ ಸರಿಯಿವೆ ಎಂದು ಅಡ್ವಾನ್ಸ್ ಕೊಟ್ಟಿರುತ್ತಾರೆ. ತಡೆಯಬೇಕಾಗಿದ್ದ ಮಾತು ಬಂದೇ ಇರುವುದಿಲ್ಲ.

ಆದ್ದರಿಂದ ಓದಿದ ಪ್ರತಿ ಭಾಗದ ಪಕ್ಕದಲ್ಲಿ ‘ಇದು ಯಾವುದನ್ನು ತೋರಿಸುವುದಿಲ್ಲ?’ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಹಿಡಿದು ಆಸ್ತಿ ದಾಖಲೆ ನೋಡುವ ವಕೀಲರ ಹತ್ತಿರ ಹೋಗಿ. ಉಳಿದ ಆರು ಭಾಗಗಳು ಬರಲಿ ಬಿಡಲಿ, ನಿಮ್ಮ ಕೆಲಸ ನಿಲ್ಲುವುದಿಲ್ಲ.

5. ಕೇಳುವುದಾದರೆ ಕೊನೆಯ ಭಾಗದ ಕೆಳಗೆ ಕೇಳಿ, ಒಂದೇ ಪ್ರಶ್ನೆ ಕೇಳಿ.
‘ಮುಂದಿನದು ಎಲ್ಲಿ?’ ಎಂದು ಹತ್ತು ಜನ ಕೇಳಿದರೆ ಬರೆದವರು ಮುಜುಗರಪಟ್ಟು ಸುಮ್ಮನಾಗುತ್ತಾರೆ. ‘ಸರ್, 3/9ರವರೆಗೆ ಓದಿದೆ, ಉಪಯೋಗವಾಯಿತು. ಪರಿವರ್ತನೆ ಆದೇಶದಲ್ಲಿ ಏನು ನೋಡಬೇಕು ಎಂಬುದೊಂದನ್ನು ತಿಳಿಸುತ್ತೀರಾ?’ ಎಂದು ಕೇಳಿ. ಆರು ಭಾಗ ಬರೆಯಲು ಬಿಡುವಿಲ್ಲದವರೂ ಇಷ್ಟಕ್ಕೆ ಉತ್ತರ ಕೊಟ್ಟಾರು. ಪ್ರಶ್ನೆ ಅಲ್ಲೇ ಇದ್ದರೆ, ನಿಲ್ಲಿಸಿದ ಜಾಗವೂ ಅವರಿಗೆ ಕೂಡಲೇ ಸಿಗುತ್ತದೆ.

ಉತ್ತರ ಬಾರದೆ, ವಿಷಯ ನಿಮಗೇ ಗೊತ್ತಿದ್ದರೆ ಬರೆಯಿರಿ. ಆದರೆ ಅವರ 4/9ರ ಸಂಖ್ಯೆ ಹಾಕಬೇಡಿ. ಅದು ಅವರದೇ ಮಾತೆಂದು ಹರಡುತ್ತದೆ. ಬೇರೆ ಪೋಸ್ಟಾಗಿ, ನಿಮ್ಮ ಹೆಸರಿನಲ್ಲಿ, ಅವರ ಲಿಂಕ್ ಕೊಟ್ಟು ಬರೆಯಿರಿ. ಮನೆಯ ಗುಂಪಿಗೆ ಆ ಥ್ರೆಡ್ಡನ್ನು ಕಳಿಸುವಾಗ ಮೇಲೆಯೇ ಒಂದು ಸಾಲು ಸೇರಿಸಿ: ‘ಒಂಬತ್ತರಲ್ಲಿ ಮೂರೇ ಬಂದಿವೆ, ಭೂ ಪರಿವರ್ತನೆಯ ವಿಷಯ ಇದರಲ್ಲಿಲ್ಲ.’