ದಿನದಿನದ ಶಿಲ್ಕು, ಮೂರು ತಿಂಗಳ ಬಡ್ಡಿ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬೆಳೆಯುವವರ ಉಳಿತಾಯ ಖಾತೆಯು ವರ್ಷದ ಬಹುಕಾಲ ಅಲ್ಪವಾಗಿದ್ದು, ಸುಗ್ಗಿಯ ಹಣ ಸೇರಿದೊಡನೆ ಒಮ್ಮೆಲೇ ತುಂಬಿ, ಸಾಲ, ಕೂಲಿ, ಗೊಬ್ಬರದ ಬಾಕಿಗಳು ತೀರುತ್ತಲೇ ಮತ್ತೆ ಇಳಿದುಬಿಡುತ್ತದೆ. ಸೀರೆ ಮಾರಾಟವಾದಾಗ ಹಣ ಪಡೆದು, ಮುಂದಿನ ರೇಷ್ಮೆಗೂ ಜರಿಗೂ ಅದನ್ನೇ ವ್ಯಯಿಸುವ ಮೊಳಕಾಲ್ಮೂರಿನ ನೇಕಾರರ ಖಾತೆಯ ಗತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಹೀಗೆ ಬಂದುಹೋಗುವ ಹಣಕ್ಕೆ ಬಡ್ಡಿ ಎಷ್ಟು ಸಲ್ಲಬೇಕೆಂಬುದನ್ನು ಪಾಸ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಯಾರಾದರೂ ಗಣಿಸಬಹುದು. ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನ ವಿದ್ಯೆ ಅದಕ್ಕೆ ಬೇಕಿಲ್ಲ.

2010ರ ಮಾರ್ಚ್ ಅಂತ್ಯದವರೆಗೆ ಬ್ಯಾಂಕುಗಳು ಪ್ರತಿ ತಿಂಗಳ 10ನೆಯ ತಾರೀಖಿನಿಂದ ಕಡೆಯ ದಿನದವರೆಗೆ ಖಾತೆಯಲ್ಲಿದ್ದ ಅತ್ಯಂತ ಕಡಿಮೆ ಶಿಲ್ಕನ್ನು ಮಾತ್ರ ಹಿಡಿದು, ಅದಕ್ಕಷ್ಟೇ ಆ ತಿಂಗಳ ಬಡ್ಡಿಯನ್ನು ಕೊಡುತ್ತಿದ್ದವು. ಆ ವರ್ಷದ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿದಿನದ ಶಿಲ್ಕಿಗೂ ಬಡ್ಡಿ ಸಲ್ಲತೊಡಗಿತು. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ, ಅಥವಾ ಅದಕ್ಕಿಂತ ಕಡಿಮೆ ಅವಧಿಗೊಮ್ಮೆ, ಜಮಾ ಮಾಡಬೇಕೆಂಬ ನಿಯಮವೂ ಅನಂತರ ಬಂದಿತು. ಸುಗ್ಗಿಯ ಹಣಕ್ಕೆ ಇದರಿಂದ ಆದ ಲಾಭವನ್ನು ಒಂದು ಕಲ್ಪಿತ ಖಾತೆಯಿಂದಲೇ ಕಾಣೋಣ.

ಅಕ್ಟೋಬರ್ 1ರಂದು ಖಾತೆಯಲ್ಲಿ 12,000 ರೂಪಾಯಿ ಇದೆ. ನವೆಂಬರ್ 6ರಂದು ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಮಾರಿದ ಶೇಂಗಾದ 85,000 ರೂಪಾಯಿ ಜಮೆಯಾಗಿ ಶಿಲ್ಕು 97,000ಕ್ಕೆ ಏರುತ್ತದೆ. ನವೆಂಬರ್ 20ರಂದು ಸಾಲಕ್ಕೆ 60,000 ಕಟ್ಟಿದ ಮೇಲೆ ಉಳಿಯುವ 37,000 ರೂಪಾಯಿ ಡಿಸೆಂಬರ್ 31ರವರೆಗೆ ಹಾಗೆಯೇ ಇರುತ್ತದೆ. ವಾರ್ಷಿಕ ಬಡ್ಡಿಯ ದರ ಶೇಕಡಾ 2.5 ಎಂದಿಟ್ಟುಕೊಳ್ಳೋಣ, 2011ರ ಅಕ್ಟೋಬರ್‌ನಿಂದ ದರವನ್ನು ಆಯಾ ಬ್ಯಾಂಕೇ ನಿಶ್ಚಯಿಸುವುದರಿಂದ, ನಿಮ್ಮ ಶಾಖೆಯ ದರವನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು.

ಮೊದಲ ಕೆಲಸ, ಶಿಲ್ಕು ಬದಲಾಗದೆ ನಿಂತ ದಿನಗಳನ್ನು ಎಣಿಸುವುದು. ದಿನದ ಶಿಲ್ಕೆಂದರೆ ಆ ದಿನದ ವ್ಯವಹಾರವೆಲ್ಲ ಮುಗಿದ ಮೇಲೆ ಉಳಿದುದು. ಆದಕಾರಣ ಹಣ ಬಂದ ದಿನ ಎಣಿಕೆಗೆ ಸೇರುತ್ತದೆ, ತೆಗೆದ ದಿನ ಸೇರುವುದಿಲ್ಲ, ಬೆಳಿಗ್ಗೆ ಬಂದು ಸಂಜೆಗೆ ಹೋದ ಹಣಕ್ಕೆ ಏನೂ ದೊರೆಯದು. ಈ ಪ್ರಕಾರ 12,000 ನಿಂತದ್ದು 36 ದಿನ, 97,000 ನಿಂತದ್ದು 14 ದಿನ, 37,000 ನಿಂತದ್ದು 42 ದಿನ. ಒಟ್ಟು 92 ದಿನಗಳು ಸರಿಹೊಂದಿದರೆ ಎಣಿಕೆ ತಪ್ಪಿಲ್ಲವೆಂದು ತಿಳಿಯಬೇಕು.

ಬಳಿಕ ಪ್ರತಿಯೊಂದು ಶಿಲ್ಕನ್ನೂ ಅದರ ದಿನಗಳಿಂದ ಗುಣಿಸಿದರೆ ಕ್ರಮವಾಗಿ 4,32,000, 13,58,000 ಮತ್ತು 15,54,000 ಬರುತ್ತದೆ. ಇವುಗಳ ಮೊತ್ತ 33,44,000. ಇದನ್ನು 2.5ರಿಂದ ಗುಣಿಸಿ, 100ರಿಂದಲೂ 365ರಿಂದಲೂ ಭಾಗಿಸಿದರೆ 229 ರೂಪಾಯಿ 4 ಪೈಸೆ ದೊರೆಯುತ್ತದೆ. ಐವತ್ತು ಪೈಸೆಗಿಂತ ಕಡಿಮೆಯಾದುದನ್ನು ಬಿಟ್ಟು 229 ರೂಪಾಯಿ ಜಮೆಯಾಗುತ್ತದೆ. ಅಲ್ಲಿಂದ ಮುಂದೆ ಅದೂ ಶಿಲ್ಕಿನ ಭಾಗವಾಗಿ ತಾನೂ ಬಡ್ಡಿಯನ್ನು ಗಳಿಸುತ್ತದೆ.

ಹಳೆಯ ಕ್ರಮದಲ್ಲಿ ಇದೇ ಖಾತೆಗೆ ಇದೇ ದರದಲ್ಲಿ ಅಕ್ಟೋಬರಿಗೆ 12,000ದ ಮೇಲೂ, ನವೆಂಬರ್ ಡಿಸೆಂಬರುಗಳಿಗೆ 37,000ದ ಮೇಲೂ ಲೆಕ್ಕ ಹಾಕಿ, ಸುಮಾರು 179 ರೂಪಾಯಿ ಕೊಡಲಾಗುತ್ತಿತ್ತು. ಹದಿನಾಲ್ಕು ದಿನ ಬ್ಯಾಂಕಿನಲ್ಲಿದ್ದ 97,000ಕ್ಕೆ ಅಲ್ಲಿ ಲೆಕ್ಕವೇ ಇರಲಿಲ್ಲ. ಈ ಅನ್ಯಾಯವು ಬಹುಕಾಲ ನಡೆದುಬಂದುದು ವಿಷಾದದ ಸಂಗತಿ. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಾದರೋ 10ನೆಯ ತಾರೀಖಿನ ನಿಯಮವೇ ಇಂದಿಗೂ ನಡೆದಿದ್ದು, ಬಡ್ಡಿಯು ಆರ್ಥಿಕ ವರ್ಷದ ಕೊನೆಗೆ ಜಮೆಯಾಗುತ್ತದೆ. ಅಲ್ಲಿ ಹಣವಿಡುವವರು 10ನೆಯ ತಾರೀಖಿನೊಳಗೆ ಇಡುವುದು ಲೇಸು.

ನಿಮ್ಮ ಲೆಕ್ಕಕ್ಕೂ ಪಾಸ್‌ಬುಕ್ಕಿಗೂ ಕೆಲವು ರೂಪಾಯಿಗಳ ಅಂತರ ಕಂಡುಬಂದರೆ ಕೂಡಲೇ ತಪ್ಪೆಂದು ತಿಳಿಯಬಾರದು. ಕೆಲವು ಬ್ಯಾಂಕುಗಳು ತ್ರೈಮಾಸಿಕ ಮುಗಿಯುವುದಕ್ಕೆ ಕೆಲವು ದಿನ ಮುಂಚೆಯೇ ಬಡ್ಡಿ ಕಟ್ಟುವುದರಿಂದ, ಹಿಂದಿನ ಬಡ್ಡಿ ಎಲ್ಲಿಯವರೆಗಿನದೆಂಬುದನ್ನು ನೋಡಿ ಅಲ್ಲಿಂದ ಎಣಿಕೆ ತೊಡಗಬೇಕು. ಚೆಕ್ಕಿನ ಹಣಕ್ಕೆ ಅದನ್ನು ಕೊಟ್ಟ ದಿನದಿಂದಲ್ಲ, ಹಣ ವಸೂಲಾಗಿ ಖಾತೆಗೆ ಬಂದ ದಿನದಿಂದ ಬಡ್ಡಿ ಆರಂಭವಾಗುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವೆನಿಸಿದ ಖಾತೆಗೂ ಬಡ್ಡಿಯನ್ನು ಕ್ರಮವಾಗಿ ಕಟ್ಟಬೇಕೆಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ದುಡಿಮೆಗೆಂದು ಊರು ಬಿಟ್ಟುಹೋದವರು ಇದನ್ನು ವಿಶೇಷವಾಗಿ ಪರೀಕ್ಷಿಸಿಕೊಳ್ಳಬೇಕು.

ಇಷ್ಟಾದರೂ ಅಂತರ ಉಳಿದರೆ, ನಿಮ್ಮ ಗುಣಾಕಾರದ ಹಾಳೆಯನ್ನು ಸೇರಿಸಿ ಶಾಖೆಯ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ cms.rbi.org.in ತಾಣದ ಮೂಲಕ ದೂರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ.