ಮಣ್ಣಿನ ತಂಪುಪೆಟ್ಟಿಗೆಯೂ ಅದರ ತಂಪಿನ ಅಳತೆಯೂ



ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆಗಳಲ್ಲಿ ಸಂತೆಯು ವಾರಕ್ಕೊಮ್ಮೆ ಕೂಡುವದು. ಕಾಯಿಪಲ್ಯವಾದರೋ ಬೇಸಿಗೆಯಲ್ಲಿ ಮೂರು ದಿವಸವೂ ನಿಲ್ಲುವದಿಲ್ಲ. ಸಂತೆಯ ದಿನ ತಂದ ಸೊಪ್ಪು ಮರುದಿನವೇ ಬಾಡುವದು, ಬದನೆಯು ಸುಕ್ಕುವದು. ತೋಟದವನು ಬಿಡಿಸಿದ ಟೊಮ್ಯಾಟೊ ಮಾರಾಟವಾಗದೆ ಉಳಿದರೆ, ಅದನ್ನು ಬಂದ ಬೆಲೆಗೆ ಕೊಟ್ಟುಬಿಡಬೇಕು, ಇಲ್ಲವೆ ದನಕ್ಕೆ ಹಾಕಬೇಕು. ಈ ನಷ್ಟವನ್ನು ಕೆಲಮಟ್ಟಿಗೆ ತಡೆಯುವ ಒಂದು ಸಾಧನವನ್ನು ಎರಡು ಮಣ್ಣಿನ ಪಾತ್ರೆಗಳಿಂದಲೇ ಮಾಡಬಹುದು. ಅದನ್ನು ಕಟ್ಟುವ ಕ್ರಮವನ್ನೂ, ಅದು ನಿಜವಾಗಿ ಎಷ್ಟು ತಣಿಸುತ್ತದೆಂದು ಅಳೆಯುವ ಕ್ರಮವನ್ನೂ ಈ ಪಾಠದಲ್ಲಿ ತಿಳಿಸುವೆವು. ಅಳತೆಯ ಮಾತನ್ನು ಯಾಕೆ ಸೇರಿಸಿದೆವಂದರೆ, ಅಳೆಯದವನು ಒಳ್ಳೇ ಗಡಿಗೆಯನ್ನು ಕೆಟ್ಟದ್ದೆಂದು ಎಸೆಯುವನು, ಕೆಟ್ಟದ್ದನ್ನು ಒಳ್ಳೇದೆಂದು ನಂಬಿ ಕಾಯಿಪಲ್ಯವನ್ನು ಕಳಕೊಳ್ಳುವನು.

1. ತಂಪು ಎಲ್ಲಿಂದ ಬರುತ್ತದೆ

ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ಒದ್ದೆಬಟ್ಟೆಯನ್ನು ಸುತ್ತುವದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ನೀರು ಗಡಿಗೆಯ ಸಣ್ಣ ರಂಧ್ರಗಳಿಂದ ಹೊರಗೆ ಒಸರಿ, ಗಾಳಿಗೆ ಆವಿಯಾಗಿ ಹೋಗುವದು. ಹೋಗುವಾಗ ಅದು ಗಡಿಗೆಯ ಕಾವನ್ನು ಸಂಗಡ ತಕ್ಕೊಂಡು ಹೋಗುವದು. ಒಂದು ಲೀಟರು ನೀರು ಹೀಗೆ ಆರಿಹೋದರೆ, ಸುಮಾರು 58 ಲೀಟರು ನೀರನ್ನು ಹತ್ತು ಡಿಗ್ರಿ ತಣಿಸುವಷ್ಟು ಕಾವು ಅದರೊಡನೆ ಹೊರಟುಹೋಗುತ್ತದೆ. ಆ ಕಾವೆಲ್ಲವೂ ಗಡಿಗೆಯಿಂದಲೇ ಬರುವದಿಲ್ಲ. ಬಹುಭಾಗವನ್ನು ಸುತ್ತಣ ಬಿಸಿಗಾಳಿಯೇ ತುಂಬಿಕೊಡುತ್ತಾ ಇರುವದು. ಆದಕಾರಣ ತಂಪು ಒಂದು ಮೇರೆಯಲ್ಲಿ ನಿಂತುಬಿಡುವದು.

ಆ ಮೇರೆಯನ್ನು ನಿಶ್ಚಯಿಸುವದು ಗಾಳಿಯ ಒಣತನವೇ. ಒಣಗಾಳಿಯು ನೀರನ್ನು ಬೇಗನೆ ಹೀರುವದು; ತೇವವುಳ್ಳ ಗಾಳಿಯು ಹೀರುವದಿಲ್ಲ. ಆದ್ದರಿಂದ ಸಮುದ್ರತೀರದ ಮಂಗಳೂರಿನಲ್ಲಿ ಸ್ವಲ್ಪವೇ ಕೆಲಸಮಾಡುವ ಸಾಧನವು ಹಿರಿಯೂರಿನ ಬಯಲಲ್ಲಿ ಬಹಳ ಚೆನ್ನಾಗಿ ಕೆಲಸಮಾಡುವದು. ಆಫ್ರಿಕಾ ಖಂಡದ ನೈಜೀರಿಯ ದೇಶದ ಒಣ ಉತ್ತರಭಾಗದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಉಪಾಧ್ಯಾಯರು 1995 ರಿಂದ ಇಂಥ ಜೋಡುಗಡಿಗೆಗಳನ್ನು ಹಳ್ಳಿಗಳಲ್ಲಿ ಹರಡಿದರು. ಮೂರು ದಿನಕ್ಕೆ ಕೆಡುತ್ತಿದ್ದ ಬದನೆಯು 27 ದಿನ ನಿಂತಿತೆಂದು ಅವರು ತಿಳಿಸಿದರು. 2000 ದಲ್ಲಿ ಅವರಿಗೆ ರೋಲೆಕ್ಸ್ ಬಹುಮಾನವು ದೊರೆಯಿತು.

2. ಕಟ್ಟುವ ಕ್ರಮ

ಅಗಲ ಬಾಯಿಯ ಎರಡು ಪಾತ್ರೆಗಳು ಬೇಕು. ಒಳಗಣದನ್ನು ಹೊರಗಣದರಲ್ಲಿ ಇಟ್ಟಾಗ ಸುತ್ತಲೂ ಎರಡು ಅಂಗುಲ ಸಂದು ಉಳಿಯಬೇಕು. ಎರಡೂ ಬಣ್ಣವಾಗಲಿ ಹೊಳಪಾಗಲಿ ಬಳಿಯದವುಗಳಾಗಿರಬೇಕು. ಅವು ರಂಧ್ರಗಳನ್ನು ಮುಚ್ಚಿ ನೀರನ್ನು ಒಸರಗೊಡುವದಿಲ್ಲ. ಕುಂಬಾರನಲ್ಲಿ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡಿರಿ. ಒಡಕಿದ್ದರೆ ದನಿಯು ಮೊಂಡಾಗಿರುವದು. ಮನೆಗೆ ತಂದ ಮೇಲೆ ಹೊರಪಾತ್ರೆಗೆ ನೀರು ತುಂಬಿಸಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಹೊರಮೈಯೆಲ್ಲಾ ತೇವವಾಗಿದ್ದರೆ ಅದು ಯೋಗ್ಯವಾದದ್ದು. ಒಣಗಿಯೇ ಇದ್ದರೆ ಕೆಲಸಕ್ಕೆ ಬಾರದು. ಹನಿಹನಿಯಾಗಿ ಸೋರಿದರೆ ಅದೂ ಬಾರದು.

ಮರಳು ಹಳ್ಳದ ದಪ್ಪ ಮರಳಾಗಿರಲಿ. ತೊಳೆದ ನೀರು ತಿಳಿಯಾಗುವ ತನಕ ಅದನ್ನು ತೊಳೆಯಬೇಕು. ಮಣ್ಣು ಬೆರೆತ ಮರಳು ಕೆಸರಿನಂತೆ ಗಟ್ಟಿಯಾಗಿ, ನೀರನ್ನು ಸಮನಾಗಿ ಹರಿಯಗೊಡದು.

ಹೊರಪಾತ್ರೆಯನ್ನು ಮೂರು ಕಲ್ಲುಗಳ ಮೇಲೆ ಇಟ್ಟು, ಅಡಿಯಲ್ಲಿಯೂ ಗಾಳಿಯಾಡುವಂತೆ ಮಾಡಿರಿ. ಅದರ ತಳದಲ್ಲಿ ಎರಡು ಅಂಗುಲ ಮರಳು ಹಾಕಿ, ಅದರ ಮೇಲೆ ಒಳಪಾತ್ರೆಯನ್ನು ಕೂರಿಸಿ, ಸಂದನ್ನೆಲ್ಲಾ ಮರಳಿಂದ ತುಂಬಿರಿ. ಒಳಪಾತ್ರೆಯ ಬಾಯಿ ಮರಳಿಗಿಂತ ಒಂದು ಅಂಗುಲ ಮೇಲಿರಬೇಕು. ಇಲ್ಲವಾದರೆ ಹೊಯ್ದ ನೀರು ಒಳಕ್ಕೆ ಬೀಳುವದು. ಬಳಿಕ ಮರಳಿಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯಿರಿ. ಒಮ್ಮೆಗೇ ತುಂಬ ಹೊಯ್ದರೆ ಬರಿದಾದ ಒಳಪಾತ್ರೆಯು ತೇಲಿ ಎದ್ದುಬರುವದು. ಮರಳೆಲ್ಲಾ ನೆನೆದರೆ ಸಾಕು, ಮೇಲೆ ನೀರು ನಿಲ್ಲಬಾರದು. ಕಡೆಗೆ ಗೋಣಿತಟ್ಟನ್ನು ನಾಲ್ಕು ಮಡಿಕೆಮಾಡಿ, ನೆನೆಸಿ ಹಿಂಡಿ, ಬಾಯಿಗೆ ಮುಚ್ಚಿರಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನಕ್ಕೆ ಮುಂಚೆ ಒಮ್ಮೆ ಮರಳಿಗೂ ಗೋಣಿಗೂ ನೀರು ಹಾಕಬೇಕು. ನೀರಿನ ಕೊರತೆಯಿರುವ ಊರಲ್ಲಿ ಕಾಯಿಪಲ್ಯ ತೊಳೆದ ನೀರನ್ನೇ ಸೋಸಿ ಹಾಕಬಹುದು.

ಇಡುವ ಸ್ಥಳವು ನೆರಳಾಗಿಯೂ ಗಾಳಿಯಾಡುವದಾಗಿಯೂ ಇರಬೇಕು. ನಾವು ಮೊದಲು ಅಡಿಗೆಮನೆಯ ಮೂಲೆಯಲ್ಲಿ ಇಟ್ಟು ಮೋಸಹೋದೆವು. ಅಲ್ಲಿ ಒಲೆಯ ಬಿಸಿಯೂ ಕೂಡಿಕೊಂಡ ಆವಿಯೂ ಇದ್ದು ಗಾಳಿ ಇರಲಿಲ್ಲ. ಜಗಲಿಯ ಮೇಲೆ, ಇಲ್ಲವೆ ಬೇವಿನ ಮರದ ಕೆಳಗೆ ಇಡುವದು ಉತ್ತಮ.

3. ಅಳೆಯುವ ಕ್ರಮ

ಗೋಡೆಗೆ ತೂಗುಹಾಕುವ ತರದ ಉಷ್ಣಮಾಪಕಗಳು ಎರಡು ಬೇಕು. ಜ್ವರ ನೋಡುವ ಉಷ್ಣಮಾಪಕವು ಇದಕ್ಕೆ ಬಾರದು, ಯಾಕಂದರೆ ಅದು ಮೈಕಾವಿನ ಸುತ್ತಣ ಕೆಲವೇ ಡಿಗ್ರಿಗಳನ್ನು ತೋರಿಸುವದು. ಮೊದಲು ಎರಡನ್ನೂ ಒಂದೇ ನೆರಳಿನಲ್ಲಿ ಅರ್ಧಗಂಟೆ ಇಟ್ಟು ನೋಡಿರಿ. ಒಂದು ಮತ್ತೊಂದಕ್ಕಿಂತ ಒಂದು ಡಿಗ್ರಿ ಹೆಚ್ಚು ತೋರಿಸಿದರೆ, ಆ ಹೆಚ್ಚನ್ನು ಮುಂದಣ ಲೆಕ್ಕದಲ್ಲೆಲ್ಲಾ ಕಳೆಯಬೇಕು.

ಪೆಟ್ಟಿಗೆಗೆ ನೀರು ಹಾಕಿದ ಮೊದಲನೆಯ ದಿನ ಅಳೆಯಬೇಡಿರಿ. ಮರಳೂ ಮಣ್ಣೂ ತಣಿಯುವದಕ್ಕೆ ಒಂದು ದಿನ ಬೇಕು. ಎರಡನೆಯ ದಿನದಿಂದ ಮೂರು ದಿವಸ, ಮಧ್ಯಾಹ್ನ ಎರಡು ಗಂಟೆಗೆ, ನಾಲ್ಕು ಸಂಖ್ಯೆಗಳನ್ನು ಬರೆದಿಡಿರಿ.

ಮೊದಲನೆಯದು, ನೆರಳಿನ ಗಾಳಿಯ ಕಾವು. ಎರಡನೆಯದು, ಒದ್ದೆಬಟ್ಟೆಯ ಕಾವು. ಇದಕ್ಕೆ ಉಷ್ಣಮಾಪಕದ ಬುರುಡೆಗೆ ತೆಳ್ಳನೆಯ ಹತ್ತಿಬಟ್ಟೆಯನ್ನು ಸುತ್ತಿ, ನೆನೆಸಿ, ಬೀಸಣಿಗೆಯಿಂದ ಬೀಸಬೇಕು; ಸಂಖ್ಯೆಯು ಇಳಿದಿಳಿದು ಎಲ್ಲಿ ನಿಲ್ಲುತ್ತದೋ ಅದೇ ಒದ್ದೆಬಟ್ಟೆಯ ಕಾವು. ನೀರು ಆರುವದರಿಂದ ಆ ಹೊತ್ತಿನ ಗಾಳಿಯಲ್ಲಿ ದೊರಕಬಹುದಾದ ಪೂರ್ಣ ತಂಪು ಅದೇ. ಮೂರನೆಯದು, ಒಳಪಾತ್ರೆಯ ಕಾವು. ಇನ್ನೊಂದು ಉಷ್ಣಮಾಪಕವನ್ನು ಗೋಡೆಗೆ ತಗಲದಂತೆ ದಾರದಿಂದ ಒಳಗೆ ತೂಗಿಬಿಟ್ಟು, ಒಂದು ಗಂಟೆಯಾದ ಮೇಲೆ ಹೊರಗೆ ತೆಗೆದು ಕೂಡಲೇ ಓದಬೇಕು.

ನಾಲ್ಕನೆಯದನ್ನು ಅನೇಕರು ಬಿಟ್ಟುಬಿಡುವರು. ಅದೇನಂದರೆ, ನೀರು ಹಾಕದ ಒಣಗಡಿಗೆಯ ಕಾವು. ಅಂಥದೇ ಜೋಡುಗಡಿಗೆಗೆ ಒಣಮರಳು ತುಂಬಿ, ಒಣಗೋಣಿ ಮುಚ್ಚಿ, ಪಕ್ಕದಲ್ಲಿಯೇ ಇಡಬೇಕು. ದಪ್ಪ ಮಣ್ಣೂ ಮರಳೂ ರಾತ್ರಿಯ ತಂಪನ್ನು ಹಿಡಿದುಕೊಂಡು ನಿಧಾನವಾಗಿ ಬಿಸಿಯಾಗುವದರಿಂದ, ಮಧ್ಯಾಹ್ನದಲ್ಲಿ ಒಣಗಡಿಗೆಯೂ ಹೊರಗಾಳಿಗಿಂತ ತಂಪಾಗಿಯೇ ಇರುವದು. ಇದನ್ನು ಅಳೆಯದಿದ್ದರೆ, ರಾತ್ರಿಯು ಕೊಟ್ಟದ್ದನ್ನೂ ನೀರೇ ಕೊಟ್ಟಿತೆಂದು ಹೇಳುವ ತಪ್ಪಿಗೆ ಬೀಳುವೆವು.

4. ಒಂದು ಲೆಕ್ಕ

ಮಾದರಿಗಾಗಿ ಹಿರಿಯೂರಿನ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ತಕ್ಕೊಳ್ಳೋಣ. ಗಾಳಿಯ ಕಾವು 38 ಡಿಗ್ರಿ ಸೆಂಟಿಗ್ರೇಡು, ಒದ್ದೆಬಟ್ಟೆಯದು 23, ಒಳಪಾತ್ರೆಯದು 28, ಒಣಗಡಿಗೆಯದು 35 ಎಂದಿರಲಿ. ದೊರಕಬಹುದಾದ ತಂಪು 38 ರಲ್ಲಿ 23 ಕಳೆದರೆ 15 ಡಿಗ್ರಿ. ದೊರಕಿದ್ದು 38 ರಲ್ಲಿ 28 ಕಳೆದರೆ 10 ಡಿಗ್ರಿ. ಹದಿನೈದರಲ್ಲಿ ಹತ್ತು, ಅಂದರೆ ಮೂರರಲ್ಲಿ ಎರಡು ಪಾಲು. ಆ ಹತ್ತರಲ್ಲಿ ಮೂರು ಡಿಗ್ರಿಯನ್ನು ಒಣಗಡಿಗೆಯೂ ಕೊಟ್ಟಿತು; ಆದ್ದರಿಂದ ನೀರಿನಿಂದ ಬಂದ ಲಾಭವು ಏಳು ಡಿಗ್ರಿ.

ಈಗ ಅದೇ ಪೆಟ್ಟಿಗೆಯನ್ನು ಆಗಸ್ಟ್ ತಿಂಗಳಲ್ಲಿ, ಮಳೆಗಾಳಿ ಬೀಸುವಾಗ, ಹೊಳಲ್ಕೆರೆಯಲ್ಲಿ ಇಟ್ಟೆವೆಂದು ಭಾವಿಸೋಣ. ಗಾಳಿಯ ಕಾವು 29, ಒದ್ದೆಬಟ್ಟೆಯದು 23, ಒಳಪಾತ್ರೆಯದು 25. ದೊರಕಿದ ತಂಪು ನಾಲ್ಕೇ ಡಿಗ್ರಿ. ಇದನ್ನು ಕಂಡವನು, “ಹತ್ತು ಡಿಗ್ರಿ ತಣಿಸುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು, ಗಡಿಗೆ ಕೆಟ್ಟಿತು” ಎಂದು ಹೇಳಾನು. ಆದರೆ ದೊರಕಬಹುದಾದದ್ದೇ ಆರು ಡಿಗ್ರಿ. ಆರರಲ್ಲಿ ನಾಲ್ಕೂ ಮೂರರಲ್ಲಿ ಎರಡು ಪಾಲೇ. ಗಡಿಗೆಯು ಕೆಡಲಿಲ್ಲ, ಗಾಳಿಯು ತೇವವಾಯಿತು.

5. ತಪ್ಪನ್ನು ಕಂಡುಹಿಡಿಯುವದು

ದೊರಕಿದ ತಂಪು ದೊರಕಬಹುದಾದದ್ದರ ಅರ್ಧಕ್ಕಿಂತ ಕಡಿಮೆಯಾದರೆ ಮಾತ್ರ ಪೆಟ್ಟಿಗೆಯ ಮೇಲೆ ಸಂಶಯಪಡಬೇಕು. ಆಗ ಮೊದಲು ಮರಳಿನಲ್ಲಿ ಬೆರಳಿಟ್ಟು ಅಡಿಯ ತನಕ ತೇವವಿದೆಯೋ ನೋಡಿರಿ. ಬಳಿಕ ಬಿಸಿಲು ತಾಗುತ್ತದೋ, ಗಾಳಿಯಿದೆಯೋ ನೋಡಿರಿ. ಇವೆಲ್ಲಾ ಸರಿಯಾಗಿದ್ದೂ ಹೊರಮೈ ಒಣಗಿದ್ದರೆ ರಂಧ್ರಗಳು ಕಟ್ಟಿವೆ. ನಮ್ಮ ಸೀಮೆಯ ಕೊಳವೆಬಾವಿಗಳ ಗಡುಸುನೀರು ಆರಿದಂತೆಲ್ಲಾ ಬಿಳೀ ಉಪ್ಪನ್ನು ಮೈಮೇಲೆ ಬಿಡುವದು. ಅದನ್ನು ತೆಂಗಿನ ನಾರಿನಿಂದ ಬರೀ ನೀರಲ್ಲಿ ತಿಕ್ಕಿ ತೆಗೆಯಬೇಕು; ಸಾಬೂನು ಹಾಕಬಾರದು. ಮರಳನ್ನೂ ಆಗಾಗ್ಗೆ ತೆಗೆದು ತೊಳೆಯಬೇಕು. ಸಾಧ್ಯವಾದರೆ ಮಳೆನೀರು ಉತ್ತಮ.

ಒಳಪಾತ್ರೆಯು ಒದ್ದೆಬಟ್ಟೆಗಿಂತಲೂ ತಂಪೆಂದು ಕಂಡರೆ ಹಿಗ್ಗಬೇಡಿರಿ; ಬಟ್ಟೆಯು ಒಣಗಿತ್ತು, ಇಲ್ಲವೆ ಸಾಕಷ್ಟು ಬೀಸಲಿಲ್ಲ. ತಿರುಗಿ ಅಳೆಯಿರಿ.

6. ಏನನ್ನು ಇಡಬೇಕು, ಏನನ್ನು ಇಡಬಾರದು

ಒಳಗಣ ಗಾಳಿಯು ತಂಪಾಗಿರುವದಲ್ಲದೆ ತೇವವಾಗಿಯೂ ಇರುವದು. ಸೊಪ್ಪು, ಬದನೆ, ಹಸಿಮೆಣಸಿನಕಾಯಿ, ಬೆಂಡೆ, ಕ್ಯಾರೆಟ್ಟು ಇವುಗಳಿಗೆ ಇದು ಹಿತ. ನಮ್ಮ ಜಿಲ್ಲೆಯಲ್ಲಿ ಬಹಳವಾಗಿ ಬೆಳೆಯುವ ಈರುಳ್ಳಿಗಾದರೋ ಇದು ಹಾನಿಕರ; ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳಿಗೆ ಒಣಗಾಳಿಯೇ ಬೇಕು, ತೇವದಲ್ಲಿ ಅವು ಮೊಳೆಯುವವು, ಕೊಳೆಯುವವು. ಮಾಗಿದ ಬಾಳೆಹಣ್ಣನ್ನೂ ಟೊಮ್ಯಾಟೊವನ್ನೂ ಸೊಪ್ಪಿನೊಡನೆ ಇಡಬೇಡಿರಿ. ಹಣ್ಣಿನಿಂದ ಹೊರಡುವ ಆವಿಯು ಸೊಪ್ಪನ್ನು ಹಳದಿಮಾಡುವದು. ತೊಳೆದದ್ದನ್ನು ಒರಸಿ ಇಡಿರಿ; ಕೊಳೆತದ್ದೊಂದನ್ನು ಕಂಡರೆ ಅದೇ ದಿನ ತೆಗೆಯಿರಿ.

ಹಾಲು, ಮಾಂಸ, ಮೀನು, ಅಡಿಗೆಮಾಡಿದ ಅನ್ನಸಾರುಗಳನ್ನು ಇದರಲ್ಲಿ ನಂಬಿ ಇಡಬಾರದು. ಇಪ್ಪತ್ತೆಂಟು ಡಿಗ್ರಿಯು ಬದನೆಗೆ ತಂಪಾದರೂ, ಹಾಲನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅದು ಬೆಳೆಯತಕ್ಕ ಕಾವೇ.

ಮಂಕರಿಗಟ್ಟಲೆ ಕಾಯಿಪಲ್ಯವುಳ್ಳ ತೋಟದವರಿಗೆ ಗಡಿಗೆಯು ಸಾಲದು. ಅವರಿಗಾಗಿ ಇದೇ ತತ್ವದ ಮೇಲೆ ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆಮರಳು ತುಂಬಿದ ತೊಟ್ಟಿಯನ್ನು ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980 ರ ದಶಕದಲ್ಲಿ ರೂಪಿಸಿದರು. ಅದರ ಅಳತೆಯೂ ಈ ನಾಲ್ಕು ಸಂಖ್ಯೆಗಳಿಂದಲೇ ಆಗುವದು.

ಪ್ರಶ್ನೆಗಳು

1. ಒಣಗಡಿಗೆಯನ್ನು ಪಕ್ಕದಲ್ಲಿಟ್ಟು ಅಳೆಯುವದು ಯಾಕೆ?

2. ಗಾಳಿ 36 ಡಿಗ್ರಿ, ಒದ್ದೆಬಟ್ಟೆ 24, ಒಳಪಾತ್ರೆ 32 ಆಗಿದ್ದರೆ ಪೆಟ್ಟಿಗೆಯು ಸರಿಯಾಗಿದೆಯೋ? ಮೊದಲು ಏನನ್ನು ಪರೀಕ್ಷಿಸುವಿರಿ?

3. ಈರುಳ್ಳಿಯನ್ನು ಇದರಲ್ಲಿ ಯಾಕೆ ಇಡಬಾರದು?